ಎರಡು ಪ್ರೂನ್ ತಿಂದರೆ ಹೊಟ್ಟೆ ಸರಿಹೋಗುತ್ತಾ? ಸಾರ್ಬಿಟಾಲ್ ಲೆಕ್ಕ ಹಾಕಿ ನೋಡೋಣ

ನಮ್ಮ ಕಾಕಾ ತಿಕೋಟಾದಲ್ಲಿ ಇರುತ್ತಾರೆ. ವಯಸ್ಸು 66. ಎರಡು ವರ್ಷದಿಂದ ಅವರಿಗೆ ಮಲಬದ್ಧತೆ. ಎಲ್ಲ ತಪಾಸಣೆ ಆಗಿದೆ, ದೊಡ್ಡ ತೊಂದರೆ ಏನೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಹೋದ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಗಳು ಒಂದು ಪ್ಯಾಕೆಟ್ ಪ್ರೂನ್ ಕಳಿಸಿದಳು. ಪ್ರೂನ್ ಅಂದರೆ ಒಣಗಿಸಿದ ಪ್ಲಮ್ ಹಣ್ಣು, ಕಪ್ಪಗೆ, ಮೆತ್ತಗೆ, ಖರ್ಜೂರಕ್ಕಿಂತ ಸ್ವಲ್ಪ ಹುಳಿ. ಮೊಬೈಲ್‌ನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಕಾಕಾ ದಿನಾ ರಾತ್ರಿ ಎರಡು ಪ್ರೂನ್ ನೀರಲ್ಲಿ ನೆನೆಸಿಟ್ಟು, ಬೆಳಿಗ್ಗೆ ನೀರು ಚೆಲ್ಲಿ, ಹಣ್ಣು ತಿಂದರು. ಹತ್ತು ದಿನ ಹೀಗೇ ಮಾಡಿದರು. ಏನೂ ಆಗಲಿಲ್ಲ. ಹನ್ನೊಂದನೇ ದಿನ ರಾತ್ರಿ ಸಿಟ್ಟಿಗೆದ್ದು ಹನ್ನೆರಡು ಪ್ರೂನ್ ಒಟ್ಟಿಗೇ ತಿಂದುಬಿಟ್ಟರು. ಮಧ್ಯರಾತ್ರಿಯಿಂದ ಹೊಟ್ಟೆ ಗುಡುಗುಡು, ನುಲಿತ, ಬೆಳಗಾಗುವಷ್ಟರಲ್ಲಿ ನಾಲ್ಕು ಸಲ ಸಂಡಾಸಕ್ಕೆ ಓಡಿದರು.

"ಇದು ನಮಗ ಆಗಿ ಬರೋದಲ್ಲವ್ವ, ಸುಮ್ನ ರೊಕ್ಕ ಹಾಳು" ಅಂತ ಫೋನ್ ಮಾಡಿದರು.

ನಾನು ವಿಜಯಪುರದಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಈ ಮಾತನ್ನು ನಾನು ವಾರಕ್ಕೆ ಮೂರು ನಾಲ್ಕು ಸಲ ಕೇಳುತ್ತೇನೆ. ಕೆಲವರು ಹಣ್ಣು ಕೆಲಸ ಮಾಡಲಿಲ್ಲ ಅಂತಾರೆ, ಕೆಲವರು ಅತಿಯಾಗಿ ಕೆಲಸ ಮಾಡಿತು ಅಂತಾರೆ. ಕಾಕಾಗೆ ಎರಡೂ ಆಯಿತು, ಅದೂ ಒಂದೇ ಪ್ಯಾಕೆಟ್‌ನಿಂದ. ಹಣ್ಣಿನ ತಪ್ಪು ಏನೂ ಇಲ್ಲ. ತಪ್ಪಿದ್ದು ಅಳತೆ.

ಈಗ ಎಲ್ಲಿ ನೋಡಿದರೂ ಒಂದು ಪಟ್ಟಿ ಓಡಾಡುತ್ತಿದೆ: ಪ್ರೂನ್, ಅಂಜೂರ, ಕಿವಿ, ಒಣದ್ರಾಕ್ಷಿ, ಇವೆಲ್ಲದರಲ್ಲೂ ಸಾರ್ಬಿಟಾಲ್ ಇದೆ, ಅದರಿಂದಲೇ ಹೊಟ್ಟೆ ಸಾಫ್ ಆಗುತ್ತದೆ ಅಂತ. ಈ ಪಟ್ಟಿಯಲ್ಲಿ ಪ್ರೂನ್ ಬಗ್ಗೆ ಹೇಳಿದ್ದು ನಿಜ. ಉಳಿದದ್ದು ಬಹುಪಾಲು ತಪ್ಪು. ತಪ್ಪು ಅಂತ ಸುಮ್ನೆ ಹೇಳುತ್ತಿಲ್ಲ. ಈ ತಪ್ಪಿನಿಂದಲೇ ಜನ ಅಳತೆ ತಪ್ಪುತ್ತಿದ್ದಾರೆ.

ಸಾರ್ಬಿಟಾಲ್ ಒಂದು ಥರದ ಸಕ್ಕರೆ ಮದ್ಯಸಾರ. ಹೆಸರಿನಲ್ಲಿ ಮದ್ಯಸಾರ ಇದ್ದರೂ ಅಮಲಿಗೂ ಅದಕ್ಕೂ ಸಂಬಂಧ ಇಲ್ಲ, ರುಚಿ ಸಿಹಿ. 1872ರಲ್ಲಿ ಫ್ರಾನ್ಸಿನ ಬೂಸಿಂಗೋ ಎಂಬ ರಸಾಯನ ವಿಜ್ಞಾನಿ ಇದನ್ನು ಯುರೋಪಿನ ಒಂದು ಕಾಡುಮರದ ಕೆಂಪು ಹಣ್ಣಿನಲ್ಲಿ ಮೊದಲು ಕಂಡುಹಿಡಿದರು. ಆ ಮರದ ಕುಲದ ಹೆಸರು ಸಾರ್ಬಸ್, ಅದರಿಂದ ಸಾರ್ಬಿಟಾಲ್. ಆ ಮರ ಗುಲಾಬಿ ಕುಟುಂಬಕ್ಕೆ ಸೇರಿದ್ದು. ಸೇಬು, ಪಿಯರ್, ಪ್ಲಮ್, ಪೀಚ್, ಚೆರ್ರಿ ಕೂಡ ಅದೇ ಕುಟುಂಬದವು. ಹೆಚ್ಚಿನ ಗಿಡಗಳಲ್ಲಿ ಎಲೆ ತಯಾರಿಸಿದ ಆಹಾರ ಮಾಮೂಲಿ ಸಕ್ಕರೆಯ ರೂಪದಲ್ಲೇ ಹಣ್ಣಿಗೆ ಹರಿದು ಬರುತ್ತದೆ. ಈ ಕುಟುಂಬದ ಹಣ್ಣಿನ ಮರಗಳಲ್ಲಿ ಮಾತ್ರ ಅದರ ದೊಡ್ಡ ಪಾಲು ಸಾರ್ಬಿಟಾಲ್ ಆಗಿ ಬರುತ್ತದೆ. ಹಾಗಾಗಿ ಹಣ್ಣಿನಲ್ಲೂ ಅದು ಉಳಿಯುತ್ತದೆ. ಪ್ಲಮ್ ಒಣಗಿಸಿದಾಗ ನೀರು ಹೋಗಿ ಸಾರ್ಬಿಟಾಲ್ ಗಟ್ಟಿಯಾಗುತ್ತದೆ: 100 ಗ್ರಾಂ ಪ್ರೂನ್‌ನಲ್ಲಿ ಸುಮಾರು 15 ಗ್ರಾಂ. ಬೇರೆ ಯಾವ ಸಾಮಾನ್ಯ ಹಣ್ಣೂ ಇದರ ಹತ್ತಿರ ಬರುವುದಿಲ್ಲ. ಪಿಯರ್‌ನಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ ಇರುತ್ತದೆ, ಸೇಬಿನಲ್ಲಿ ಅದಕ್ಕಿಂತಲೂ ಕಡಿಮೆ.

(ನಮ್ಮ ಕಡೆ ಇದರಲ್ಲಿ ಒಂದು ಗೊಂದಲ ಆಗುತ್ತದೆ. ಪಿಯರ್ ತಿನ್ನಿ ಅಂತ ಹೇಳಿದರೆ ಅರ್ಧ ಜನ ಪೇರು ತಂದು ತಿನ್ನುತ್ತಾರೆ. ಪೇರು ಅಂದರೆ ನಮಗೆ ಪೇರಲ ಅಲ್ವಾ? ಅದರಲ್ಲಿ ಸಾರ್ಬಿಟಾಲ್ ಹೇಳಿಕೊಳ್ಳುವಷ್ಟಿಲ್ಲ. ಆದರೆ ನಾರು ಭರ್ತಿ ಇದೆ, ಹಾಗಾಗಿ ಗೊಂದಲದಿಂದ ನಷ್ಟವೇನೂ ಇಲ್ಲ. ಪೇರಲದ ವಿಷಯಕ್ಕೆ ಆಮೇಲೆ ಬರುತ್ತೇನೆ.)

ಅಂಜೂರ ಆಲ ಅತ್ತಿಗಳ ಬಳಗದ್ದು. ಕಿವಿಯ ಕುಟುಂಬವೇ ಬೇರೆ. ನಮ್ಮ ವಿಜಯಪುರದ ದ್ರಾಕ್ಷಿಯದೂ ಬೇರೆ. ಈ ಮೂರರಲ್ಲೂ ಸಾರ್ಬಿಟಾಲ್ ಇಲ್ಲ ಅನ್ನುವಷ್ಟು ಕಡಿಮೆ. ಇವುಗಳಿಂದ ಹೊಟ್ಟೆಗೆ ಅನುಕೂಲ ಆಗುವುದು ನಿಜ, ಆದರೆ ಅದರ ದಾರಿ ಬೇರೆ. ದಾರಿ ಬೇರೆ ಅಂದಮೇಲೆ ಅಳತೆಯೂ ಬೇರೆ.

ಮೊದಲು ಪ್ರೂನ್ ವಿಷಯ ಮುಗಿಸೋಣ. ನಾವು ತಿಂದ ಮಾಮೂಲಿ ಸಕ್ಕರೆ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ, ಅದನ್ನು ಎತ್ತಿಕೊಳ್ಳುವುದಕ್ಕೆ ಕರುಳಿನ ಗೋಡೆಯಲ್ಲಿ ವ್ಯವಸ್ಥೆ ಇದೆ. ಸಾರ್ಬಿಟಾಲ್‌ಗೆ ಅಂಥ ವ್ಯವಸ್ಥೆ ಇಲ್ಲ, ಅದು ನಿಧಾನಕ್ಕೆ ಸ್ವಲ್ಪ ಸ್ವಲ್ಪ ಮಾತ್ರ ಒಳಗೆ ಹೋಗುತ್ತದೆ. ಉಳಿದದ್ದು ಕರುಳಿನಲ್ಲೇ ಇದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿಗೆ ಉಪ್ಪು ಸವರಿಟ್ಟಾಗ ಮಾವಿನ ಹೋಳಿನಿಂದ ನೀರು ಹೇಗೆ ಹೊರಗೆ ಬರುತ್ತದೋ, ಹೆಚ್ಚುಕಡಿಮೆ ಅದೇ ಲೆಕ್ಕ. ಹೀಗೆ ನೀರು ಉಳಿದರೆ ಮಲ ಮೆತ್ತಗಾಗುತ್ತದೆ.

ಆದರೆ ದೊಡ್ಡ ಕರುಳಿಗೆ ಬಂದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಸಾರ್ಬಿಟಾಲ್ ಒಳ್ಳೆಯ ಊಟ. ಅವು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಸಾರ್ಬಿಟಾಲ್ ಸ್ವಲ್ಪವೇ ಇದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಪೂರ್ತಿ ಮುಗಿಸುತ್ತವೆ, ನೀರು ಹಿಡಿಯಲು ಏನೂ ಉಳಿಯುವುದಿಲ್ಲ. ಆಗ ನಿಮಗೆ ಸಿಗುವುದು ಗ್ಯಾಸ್ ಮಾತ್ರ. ಜಾಸ್ತಿ ಇದ್ದರೆ ಅವುಗಳ ಕೈಯಲ್ಲಿ ಮುಗಿಸಲು ಆಗುವುದಿಲ್ಲ, ನೀರು ಉಳಿಯುತ್ತದೆ. ತೀರಾ ಜಾಸ್ತಿ ಆದರೆ, ಅದೂ ಒಂದೇ ಸಲಕ್ಕೆ, ಭೇದಿ. ಒಂದೇ ಹೊತ್ತಿಗೆ 10 ಗ್ರಾಂ ಸಾರ್ಬಿಟಾಲ್ ಹೋದರೆ ಬಹಳ ಜನರಿಗೆ ಹೊಟ್ಟೆ ಉಬ್ಬರಿಸುತ್ತದೆ. 20 ಗ್ರಾಂ ಹತ್ತಿರ ಹೋದರೆ ನುಲಿತ, ಭೇದಿ ಶುರುವಾಗುವವರು ಸಾಕಷ್ಟು ಜನ. ಕೆಲವರಿಗೆ 5 ಗ್ರಾಂಗೇ ಹೊಟ್ಟೆ ಬಿಗಿಯುತ್ತದೆ, ಅದು ಅವರವರ ಕರುಳಿನ ಸ್ವಭಾವ.

ಈಗ ಕಾಕಾನ ಲೆಕ್ಕ. ಅವರ ಪ್ಯಾಕೆಟ್‌ನಿಂದ ಬೀಜ ತೆಗೆದ ಹತ್ತು ಪ್ರೂನ್ ತೆಗೆದು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ: 86 ಗ್ರಾಂ. ಅಂದರೆ ಒಂದು ಪ್ರೂನ್ ಎಂಟೂವರೆ ಗ್ರಾಂ. ಎರಡು ಪ್ರೂನ್ ಅಂದರೆ 17 ಗ್ರಾಂ, ಅದರಲ್ಲಿ ಸಾರ್ಬಿಟಾಲ್ ಎರಡೂವರೆ ಗ್ರಾಂ, ನಾರು ಒಂದು ಗ್ರಾಂ ಚಿಲ್ಲರೆ. ಅದರಲ್ಲೂ ಸಾರ್ಬಿಟಾಲ್ ನೀರಲ್ಲಿ ಚೆನ್ನಾಗಿ ಕರಗುತ್ತದೆ, ರಾತ್ರಿಯಿಡೀ ನೆನೆಸಿದರೆ ಒಂದು ಪಾಲು ನೀರಿಗೆ ಇಳಿದಿರುತ್ತದೆ, ಆ ನೀರನ್ನು ಕಾಕಾ ತುಳಸಿ ಕಟ್ಟೆಗೆ ಹಾಕುತ್ತಿದ್ದರು. ಹೊಟ್ಟೆಗೆ ಹೋದದ್ದು ಬ್ಯಾಕ್ಟೀರಿಯಾಗಳಿಗೆ ಒಂದು ತುತ್ತಿಗೂ ಸಾಲದಷ್ಟು. ಹತ್ತು ದಿನ ಏನೂ ಆಗದಿದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಹನ್ನೊಂದನೇ ದಿನದ ಹನ್ನೆರಡು ಪ್ರೂನ್ ಅಂದರೆ ಸುಮಾರು 100 ಗ್ರಾಂ. 15 ಗ್ರಾಂ ಸಾರ್ಬಿಟಾಲ್ ಒಂದೇ ಹೊತ್ತಿಗೆ, ಅಭ್ಯಾಸ ಇಲ್ಲದ ಕರುಳಿಗೆ. ಆಗಿದ್ದರಲ್ಲಿಯೂ ಆಶ್ಚರ್ಯ ಇಲ್ಲ.

ಸ್ವಾರಸ್ಯ ಏನಂದರೆ, ಆ 100 ಗ್ರಾಂ ಅನ್ನೋದು ಸರಿಯಾದ ಅಳತೆಗೆ ಹತ್ತಿರವೇ ಇತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಮಲಬದ್ಧತೆ ಇದ್ದ 40 ಜನ, ಮೂರು ವಾರ ಪ್ರೂನ್, ಮೂರು ವಾರ ಇಸಬಗೋಲ್, ನಡುವೆ ಸ್ವಲ್ಪ ಬಿಡುವು. ಪ್ರೂನ್ ಕೊಟ್ಟದ್ದು ದಿನಕ್ಕೆ 100 ಗ್ರಾಂ, ಆದರೆ 50 ಗ್ರಾಂನಂತೆ ಎರಡು ಹೊತ್ತು. ಎರಡರಿಂದಲೂ ಸಿಗುವ ನಾರು ದಿನಕ್ಕೆ 6 ಗ್ರಾಂ ಇರುವ ಹಾಗೆ ಸರಿಸಮ ಮಾಡಿದ್ದರು. ಎಣಿಸಿದ್ದು ಏನನ್ನು ಅಂದರೆ, ಔಷಧಿ ಇಲ್ಲದೆ ತಾನಾಗಿ ಆಗಿ, ಪೂರ್ತಿ ಹೋಯಿತು ಅನ್ನುವ ಸಮಾಧಾನ ಕೊಟ್ಟ ಸಲಗಳನ್ನು ಮಾತ್ರ. ವಾರಕ್ಕೆ ಎರಡಕ್ಕಿಂತ ಕಡಿಮೆ ಇದ್ದದ್ದು ಪ್ರೂನ್ ತಿಂದ ವಾರಗಳಲ್ಲಿ ಮೂರೂವರೆ ಆಯಿತು, ಇಸಬಗೋಲ್ ವಾರಗಳಲ್ಲಿ ಮೂರಕ್ಕಿಂತ ಸ್ವಲ್ಪ ಕಡಿಮೆ. ಮಲವೂ ಪ್ರೂನ್‌ನಿಂದ ಹೆಚ್ಚು ಮೆತ್ತಗಾಯಿತು.

ನಾರು ಎರಡರಲ್ಲೂ ಅಷ್ಟೇ. ಹಾಗಿದ್ದೂ ಪ್ರೂನ್ ಒಂದು ಹೆಜ್ಜೆ ಮುಂದೆ ಇತ್ತು ಅಂದರೆ, ಆ ಹೆಜ್ಜೆ ನಾರಿನ ಮೊತ್ತದಿಂದ ಬಂದದ್ದಲ್ಲ, ಬಹುಪಾಲು ಸಾರ್ಬಿಟಾಲ್‌ನಿಂದ ಬಂದದ್ದು ಅಂತ ನಾನು ಓದಿಕೊಳ್ಳುತ್ತೇನೆ. ಇನ್ನೊಂದನ್ನೂ ಗಮನಿಸಿ. ವಾರಕ್ಕೆ ಎರಡರಿಂದ ಮೂರೂವರೆ, ಅಷ್ಟೇ. ದಿನಾ ಬೆಳಿಗ್ಗೆ ಗಡಿಯಾರದ ಹಾಗೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವಾರ, ದಿನಕ್ಕೆ ಹನ್ನೆರಡು ಪ್ರೂನ್ ತಿಂದವರಿಗೆ ಸಿಕ್ಕ ಲಾಭ ಇದು.

ಅಂಜೂರಕ್ಕೆ ಬರೋಣ. ನಮ್ಮ ಮನೆಗಳಲ್ಲಿ ರಾತ್ರಿ ಎರಡು ಒಣ ಅಂಜೂರ ನೆನೆಸಿಡುವ ಪದ್ಧತಿ ಮೊದಲಿಂದ ಇದೆ. ಅದು ಕೆಲಸ ಮಾಡುವುದು ನಾರಿನಿಂದ ಮತ್ತು ಆ ಸಣ್ಣ ಸಣ್ಣ ಬೀಜಗಳಿಂದ. 100 ಗ್ರಾಂ ಒಣ ಅಂಜೂರದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಪ್ರೂನ್‌ಗಿಂತ ಜಾಸ್ತಿ. ಎರಡು ಅಂಜೂರ ಅಂದರೆ 30-35 ಗ್ರಾಂ ತೂಗುತ್ತದೆ, ಮೂರು ಗ್ರಾಂ ಚಿಲ್ಲರೆ ನಾರು ಸಿಕ್ಕಿತು. ಇದು ಎರಡು ಪ್ರೂನ್‌ಗಿಂತ ಎಷ್ಟೋ ಮೇಲು. ಆದರೆ ದಿನಕ್ಕೆ 25-30 ಗ್ರಾಂ ನಾರು ಬೇಕಾದವರಿಗೆ ಅದು ಒಂದು ಮೂಲೆ ತುಂಬಿದ ಹಾಗೆ ಅಷ್ಟೇ. ಕೊರಿಯಾದಲ್ಲಿ ಅಂಜೂರದ ಪೇಸ್ಟ್ ಕೊಟ್ಟು ಪರೀಕ್ಷೆ ಮಾಡಿದ್ದಾರೆ, ಅದರಲ್ಲಿ ಮಲ ಕರುಳು ದಾಟುವ ಸಮಯ ಕಡಿಮೆಯಾಯಿತು ನಿಜ, ಆದರೆ ಕೊಟ್ಟ ಅಳತೆ ದಿನಕ್ಕೆ 300 ಗ್ರಾಂ ಪೇಸ್ಟ್, ಅದೂ ಎಂಟು ವಾರ! ಎರಡು ಅಂಜೂರಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ.

ಒಣದ್ರಾಕ್ಷಿಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ, ತಿಕೋಟಾ ಸುತ್ತ ಶೆಡ್‌ಗಳಲ್ಲಿ ಬಲೆಯ ಮೇಲೆ ಹರಡಿದ ಹಸಿರು ದ್ರಾಕ್ಷಿ ನೋಡಿಯೇ ಬೆಳೆದವರು ನಾವು. ಅದರಲ್ಲಿ ನಾರು 100 ಗ್ರಾಂಗೆ ನಾಲ್ಕು ಗ್ರಾಂ, ಜೊತೆಗೆ ಟಾರ್ಟಾರಿಕ್ ಆಮ್ಲ ಇದೆ, ಕರುಳಿಗೆ ಸ್ವಲ್ಪ ಚುರುಕು ಕೊಡುತ್ತದೆ. ಒಂದು ಹಿಡಿ ಒಣದ್ರಾಕ್ಷಿ ರುಚಿಗೆ ಸರಿ. ಅದೊಂದನ್ನೇ ನಂಬಿ ಮಲಬದ್ಧತೆ ಕಳೆಯುವುದು ಕಷ್ಟ, ಅಷ್ಟು ತಿಂದರೆ ಸಕ್ಕರೆಯೇ ಜಾಸ್ತಿ ಆಗುತ್ತದೆ.

ಕಿವಿ ಮಾತ್ರ ನನ್ನ ಅಭಿಪ್ರಾಯ ಬದಲಿಸಿದ ಹಣ್ಣು. ಮೊದಲು ಇದು ಶ್ರೀಮಂತರ ಶೋಕಿ ಅಂದುಕೊಂಡಿದ್ದೆ. ಆದರೆ ಇದರ ಮೇಲೆ ಆದಷ್ಟು ನೇರ ಪರೀಕ್ಷೆಗಳು ಬೇರೆ ಹಣ್ಣುಗಳ ಮೇಲೆ ಆಗಿಲ್ಲ. 2021ರಲ್ಲಿ ಅಮೆರಿಕದಲ್ಲಿ 79 ಜನರನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದರು: ಒಂದು ಗುಂಪಿಗೆ ದಿನಕ್ಕೆ ಎರಡು ಹಸಿರು ಕಿವಿ, ಇನ್ನೊಂದಕ್ಕೆ 100 ಗ್ರಾಂ ಪ್ರೂನ್, ಮೂರನೆಯದಕ್ಕೆ 12 ಗ್ರಾಂ ಇಸಬಗೋಲ್. ಮೂರರಿಂದಲೂ ಅನುಕೂಲ ಆಯಿತು. ಹೊಟ್ಟೆ ಉಬ್ಬರ, ಗ್ಯಾಸ್ ಅಂತ ದೂರಿದವರು ಕಿವಿ ಗುಂಪಿನಲ್ಲೇ ಕಡಿಮೆ. ಅದರಲ್ಲಿ ಸಾರ್ಬಿಟಾಲ್ ಇಲ್ಲದಿರುವುದೂ ಒಂದು ಕಾರಣ ಇರಬಹುದು. ಕಿವಿಯ ನಾರು ನೀರನ್ನು ಹೀರಿ ಚೆನ್ನಾಗಿ ಉಬ್ಬುತ್ತದೆ, ಆ ನೀರನ್ನು ಕರುಳಿನುದ್ದಕ್ಕೂ ಹೊತ್ತುಕೊಂಡು ಹೋಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂಆರ್‌ಐ ತೆಗೆದು ನೋಡಿದಾಗ ಕಿವಿ ತಿಂದವರ ಸಣ್ಣ ಕರುಳಿನಲ್ಲಿ ನೀರು ಜಾಸ್ತಿ ಇರುವುದು ಕಣ್ಣಿಗೇ ಕಾಣಿಸಿತು. 2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರ ನೇತೃತ್ವದಲ್ಲಿ ಮಲಬದ್ಧತೆಗೆ ಆಹಾರದ ಮಾರ್ಗಸೂಚಿ ಬಂತಲ್ಲ, ಅದರಲ್ಲಿಯೂ ಕಿವಿಗೆ ಜಾಗ ಸಿಕ್ಕಿದೆ, ಇಸಬಗೋಲಿಗೂ ಸಿಕ್ಕಿದೆ.

ಕಿವಿ ಕೊಳ್ಳುವಾಗ ಎರಡು ವಿಷಯ ನೋಡಿ. ಒಳಗೆ ಹಸಿರು ಇರುವುದೇ ಬೇಕು. ಹಳದಿ ಕಿವಿ ಸಿಹಿ ಜಾಸ್ತಿ, ಆದರೆ ನಾರು ಹಸಿರಿನ ಅರ್ಧದಷ್ಟು. ಇನ್ನೊಂದು, ಗಾಂಧಿ ಚೌಕದ ಹತ್ತಿರದ ಗಾಡಿಗಳಲ್ಲಿ ಸಿಗುವ ಕಿವಿ ಸಾಮಾನ್ಯವಾಗಿ ಕಲ್ಲಿನಂತೆ ಇರುತ್ತದೆ, ಹಾಗೇ ತಿಂದರೆ ಹಲ್ಲು ಚುಳ್ ಅನ್ನುತ್ತದೆ, ಜನ ಮತ್ತೆ ಅದರ ಹೆಸರೇ ಎತ್ತುವುದಿಲ್ಲ. ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಎರಡು ಮೂರು ದಿನ ಇಡಿ. ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪ ತಗ್ಗಿದರೆ ಹಣ್ಣಾಗಿದೆ ಅಂತ.

ಕಾಕಾಗೆ ನಾನು ಏನು ಮಾಡಿಸಿದೆ ಅಂದರೆ, ಮೊದಲು ಒಂದು ವಾರ ಏನನ್ನೂ ಬದಲಿಸದೆ ಬರೆದಿಡಲು ಹೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ, ಆದ ದಿನ ಒಂದು ಅಂಕಿ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಲೂಯಿಸ್ ಮತ್ತು ಹೀಟನ್ ಪ್ರಕಟಿಸಿದ ಒಂದು ಚಿತ್ರಪಟ ಇದೆ, ಮಲದ ಆಕಾರಕ್ಕೆ 1ರಿಂದ 7ರವರೆಗೆ ಅಂಕಿ. 1 ಅಂದರೆ ಆಡಿನ ಹಿಕ್ಕೆಯಂತೆ ಬಿಡಿಬಿಡಿ ಗುಂಡು, 2 ಅಂದರೆ ಗಂಟುಗಂಟಾದ ಗಟ್ಟಿ ಉಂಡೆ, 4 ಅಂದರೆ ಬಾಳೆಹಣ್ಣಿನಂತೆ ನುಣುಪು, 7 ಅಂದರೆ ಬರೀ ನೀರು. ಪೂರ್ತಿ ಆಯಿತು ಅನಿಸಿದರೆ ಪಕ್ಕದಲ್ಲಿ ಒಂದು ಗೆರೆ. ಕಾಕಾನ ಮೊದಲ ವಾರ: ಮೂರು ದಿನ ಅಂಕಿ, ಮೂರೂ 2, ಗೆರೆ ಒಂದೇ ಒಂದು.

ಎರಡನೇ ವಾರ ಬೆಳಿಗ್ಗೆ ಎರಡು, ಸಂಜೆ ಎರಡು ಪ್ರೂನ್. ನೆನೆಸಿದರೆ ಆ ನೀರನ್ನೂ ಕುಡಿಯಬೇಕು, ತುಳಸಿಗೆ ಬೇರೆ ನೀರು ಹಾಕಿ ಅಂದೆ. ಸ್ವಲ್ಪ ಗ್ಯಾಸ್ ಆಯಿತು, ಮತ್ತೇನೂ ಇಲ್ಲ. ಇಲ್ಲೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕರುಳಿಗೆ ಹೊಸದು ಬಂದಾಗ ಮೊದಲ ವಾರ ಗ್ಯಾಸ್ ಆಗುತ್ತದೆ, ಆಮೇಲೆ ಇಳಿಯುತ್ತದೆ. ಮೂರನೇ ವಾರ ಮೂರು ಮತ್ತು ಮೂರು. ನಾಲ್ಕನೇ ವಾರ ನಾಲ್ಕು ಮತ್ತು ನಾಲ್ಕು. ಎಂಟಕ್ಕೆ ಬಂದಾಗ ದಿನಕ್ಕೆ ಸುಮಾರು 70 ಗ್ರಾಂ ಆಯಿತು, ಅಂದರೆ ಹತ್ತು ಗ್ರಾಂ ಸಾರ್ಬಿಟಾಲ್ ಎರಡು ಹೊತ್ತಿಗೆ ಹಂಚಿ, ಐದು ಗ್ರಾಂ ನಾರು. ಆ ವಾರದ ಕ್ಯಾಲೆಂಡರಿನಲ್ಲಿ ಐದು ದಿನ ಅಂಕಿ ಇತ್ತು, ಒಂದು 3, ಉಳಿದವು 4, ಗೆರೆ ನಾಲ್ಕು. ಹನ್ನೆರಡಕ್ಕೆ ಏರಿಸುವ ಅಗತ್ಯವೇ ಬೀಳಲಿಲ್ಲ. ಅಂಕಿ 4 ಬಂದ ಕಡೆ ನಿಲ್ಲಬೇಕು. 5 ದಾಟಿ 6 ಬಂದರೆ ಎರಡು ಪ್ರೂನ್ ಇಳಿಸಬೇಕು.

"ಮೊದಲೇ ಹಿಂಗ ಎಣಿಸಿ ಕೊಟ್ಟಿದ್ದರ ಆಗತಿತ್ತಲ್ಲವ್ವ" ಅಂದರು ಕಾಕಾ.

ಆದರೆ ಇಲ್ಲಿ ಇನ್ನೊಂದು ಲೆಕ್ಕ ಬಂತು. ದಿನಕ್ಕೆ 70 ಗ್ರಾಂ ಅಂದರೆ 200 ಗ್ರಾಂ ಪ್ಯಾಕೆಟ್ ಮೂರೇ ದಿನಕ್ಕೆ ಖಾಲಿ. ತಿಂಗಳಿಗೆ ಹತ್ತು ಪ್ಯಾಕೆಟ್. ಪೆನ್ಷನ್‌ನಲ್ಲಿ ನಡೆಯುವ ಮನೆಗೆ ಇದು ಆಗುವ ಮಾತಲ್ಲ, ಮಗಳು ತಿಂಗಳಾ ಕಳಿಸುತ್ತೇನೆ ಅಂದರೂ ಕಾಕಾ ಒಪ್ಪಲಿಲ್ಲ. ಆಗ ನಾವು ಪೇರಲಕ್ಕೆ ಬಂದೆವು. 100 ಗ್ರಾಂ ಪೇರಲದಲ್ಲಿ ಐದು ಗ್ರಾಂ ಚಿಲ್ಲರೆ ನಾರು ಇದೆ, ಅಂದರೆ ಎಂಟು ಪ್ರೂನ್‌ನಲ್ಲಿ ಇದ್ದಷ್ಟು. ಮಧ್ಯಮ ಗಾತ್ರದ ಒಂದು ಪೇರಲ, ಬೀಜ ಸಮೇತ, ಮಧ್ಯಾಹ್ನ. ಬೀಜ ತೆಗೆದು ತಿಂದರೆ ನಾರಿನ ಒಂದು ದೊಡ್ಡ ಪಾಲು ಹೋಯಿತು. ಅದರ ಮೇಲೆ ರಾತ್ರಿ ಒಂದು ಚಮಚ ಇಸಬಗೋಲ್, ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಇಸಬಗೋಲ್‌ಗೆ ನೀರು ಕಡಿಮೆಯಾದರೆ ಗಂಟಲಲ್ಲೇ ಸಿಕ್ಕಿಕೊಳ್ಳಬಹುದು, ಒಳಗೂ ಇನ್ನಷ್ಟು ಗಟ್ಟಿಯಾಗಬಹುದು. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಪ್ರೂನ್ ಅನ್ನು ಪ್ರಯಾಣಕ್ಕೆ ಅಂತ ಇಟ್ಟುಕೊಂಡೆವು. ಕಾಕಾ ಊರಿಗೆ ಹೋದರೆ, ಮದುವೆಯ ಮನೆಯಲ್ಲಿ ಎರಡು ದಿನ ಹೋಳಿಗೆ, ಅನ್ನ ತಿಂದರೆ ಗಟ್ಟಿಯಾಗುತ್ತದೆ, ಆ ಎರಡು ಮೂರು ದಿನ ನಾಲ್ಕು ಮತ್ತು ನಾಲ್ಕು. ಪೇರಲ ಚೆನ್ನಾಗಿ ಸಿಗದ ಬೇಸಿಗೆಯಲ್ಲಿ, ಕೊಳ್ಳಲು ಆದರೆ, ಎರಡು ಕಿವಿ. ಸಾರ್ಬಿಟಾಲ್ ಇಲ್ಲದ ದಾರಿ ಇದು, ನಿಧಾನ, ಆದರೆ ಹೊಟ್ಟೆ ಗುಡುಗುವುದಿಲ್ಲ.

ಈ ಅಳತೆ ಎಲ್ಲರಿಗೂ ಹೊಂದುವುದಿಲ್ಲ. 100 ಗ್ರಾಂ ಪ್ರೂನ್‌ನಲ್ಲಿ 700 ಮಿಲಿಗ್ರಾಂ ದಾಟಿದ ಪೊಟ್ಯಾಸಿಯಂ ಇದೆ, ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ತಿನ್ನಿ ಅಂತ ಡಾಕ್ಟರು ಹೇಳಿದವರು ಪ್ರೂನ್, ಅಂಜೂರ ಎರಡನ್ನೂ ಕೇಳದೆ ಮುಟ್ಟಬಾರದು. ಸಕ್ಕರೆ ಕಾಯಿಲೆ ಇದ್ದವರಿಗೆ 100 ಗ್ರಾಂ ಪ್ರೂನ್ ಅಂದರೆ 38 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಅವರಿಗೆ ನಾನು ಪೇರಲ, ಇಸಬಗೋಲನ್ನೇ ಹೇಳುವುದು. ಮೊದಲಿನಿಂದಲೂ ಹೊಟ್ಟೆ ಉಬ್ಬರ, ನೋವು ಜಾಸ್ತಿ ಇರುವವರಿಗೆ ಸಾರ್ಬಿಟಾಲ್ ಹೊಂದುವುದೇ ಇಲ್ಲ, ಅವರು ಕಿವಿಯಿಂದ ಶುರು ಮಾಡಲಿ. ಕಿವಿ ತಿಂದಾಗ ತುಟಿ, ನಾಲಿಗೆ ತುರಿಸಿದರೆ, ಊದಿದರೆ ಅದು ಅಲರ್ಜಿ, ಮತ್ತೆ ತಿನ್ನಬೇಡಿ.

ಕೆಲವರಿಗೆ ಎಷ್ಟು ಹಣ್ಣು ತಿಂದರೂ ಬಗೆಹರಿಯುವುದಿಲ್ಲ. ಇದನ್ನು ಗುರುತಿಸುವ ದಾರಿ ಕ್ಯಾಲೆಂಡರಿನಲ್ಲೇ ಇದೆ. ನಾಲ್ಕು ವಾರ ಸರಿಯಾದ ಅಳತೆ ತಿಂದು ಅಂಕಿ 4 ಬಂದಿದೆ, ಮಲ ಮೆತ್ತಗಿದೆ, ಆದರೂ ತಿಣುಕಬೇಕು, ಗೆರೆ ಬೀಳುತ್ತಿಲ್ಲ ಅಂದರೆ ತೊಂದರೆ ಮಲದಲ್ಲಿಲ್ಲ, ಹೊರಗೆ ಬಿಡಬೇಕಾದ ಸ್ನಾಯುಗಳು ಸಡಿಲ ಆಗುವ ಬದಲು ಬಿಗಿಯುತ್ತಿರಬಹುದು. ಅದಕ್ಕೆ ತರಬೇತಿಯ ಚಿಕಿತ್ಸೆ ಇದೆ, ಹಣ್ಣಲ್ಲ. ಅಂಕಿ 1, 2ರಲ್ಲೇ ನಿಂತಿದ್ದರೆ ತಿನ್ನುತ್ತಿರುವ ಮಾತ್ರೆಗಳ ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಮಲ ಗಟ್ಟಿ ಮಾಡುತ್ತವೆ, ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ತಪಾಸಣೆ, ಆಮೇಲೆ ಪ್ರೂನ್. ವಾಂತಿ ಆಗಿ ಗ್ಯಾಸ್ ಕೂಡ ಹೋಗದೆ ಹೊಟ್ಟೆ ಉಬ್ಬಿದ್ದರೆ ಅದೇ ದಿನ ಆಸ್ಪತ್ರೆ, ಅಂಥ ಹೊತ್ತಿನಲ್ಲಿ ಹಣ್ಣು, ಇಸಬಗೋಲ್ ಯಾವುದನ್ನೂ ಕೊಡಬಾರದು.

ಕಾಕಾನ ಕ್ಯಾಲೆಂಡರ್ ಈಗಲೂ ಅಡಿಗೆಮನೆಯ ಬಾಗಿಲ ಹಿಂದೆ ತೂಗುತ್ತಿದೆ. ಹೋದ ತಿಂಗಳು ಹೋದಾಗ ನೋಡಿದೆ, ವಾರಕ್ಕೆ ನಾಲ್ಕೈದು ಅಂಕಿ, ಹೆಚ್ಚಿನವು 3 ಮತ್ತು 4. ಪಕ್ಕದ ಇನ್ನೊಂದು ಸಾಲಿನಲ್ಲಿ ಕಾಕಿನೂ ತಮ್ಮ ಅಂಕಿ ಬರೆಯಲು ಶುರು ಮಾಡಿದ್ದಾರೆ, ಅವರದು ಇನ್ನೂ 2ರಲ್ಲಿದೆ. ಅವರು ಕಬ್ಬಿಣದ ಮಾತ್ರೆ ನುಂಗುತ್ತಿದ್ದಾರೆ ಅಂತ ಅವತ್ತೇ ನನಗೆ ಗೊತ್ತಾದದ್ದು.